ಬೆಕ್ಕು ಒತ್ತಿದ ಮ್ಯೂಟ್

ಆ ಶನಿವಾರ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆಂದು ಮಾತು ಕೊಡಲಾರೆ. ಹೆಂಡತಿ ವಸುಧಾಳನ್ನು ಕೇಳಿದರೆ ಒಂದು ಕತೆ, ನನ್ನನ್ನು ಕೇಳಿದರೆ ಇನ್ನೊಂದು. ಮೂರನೆಯ ಕತೆ ನಮ್ಮ ಬೆಕ್ಕಿನದು. ಅದನ್ನು ಯಾರೂ ಕೇಳಿಲ್ಲ. ತರ್ಕಶಾಸ್ತ್ರ ಕಲಿತು, ಶಿವಮೊಗ್ಗದ ಕಾಲೇಜೊಂದರಲ್ಲಿ ಅದನ್ನೇ ಕಲಿಸುವ ನಾನು ಎಲ್ಲರ ಮಾತನ್ನೂ ಅನುಮಾನಿಸುತ್ತೇನೆ. ಈಚೆಗೆ ಆ ಪಟ್ಟಿಗೆ ನನ್ನ ನೆನಪೂ ಸೇರಿದೆ. ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟು ಮನೆಯವರ ಮೇಲೆ ಆರೋಪ ಹೊರಿಸಿದ ಮೇಲೆ ಬೇರೆ ದಾರಿ ಇರಲಿಲ್ಲ.

ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ಕಾಲೇಜಿನ ವಾಟ್ಸಾಪ್ ಗುಂಪಿಗೆ ವಿಡಿಯೋ ಕಾಲ್ ಮೀಮುಗಳನ್ನು ಕಳಿಸುವುದರಲ್ಲಿ ನಾನೇ ಮುಂದು. ಗಾಜಿನ ತೊಟ್ಟಿಯಲ್ಲಿ ಬಾಯಿ ಆಡಿಸುವ ಮೀನು, ಕೆಳಗೆ 'ಸರ್, ಮ್ಯೂಟಲ್ಲಿದೀರಿ'. ಸಾಲು ಸಾಲು ಕಪ್ಪು ಚೌಕ, ಕೆಳಗೆ 'ನಮ್ಮ ಸಿಬ್ಬಂದಿಯ ಗ್ರೂಪ್ ಫೋಟೋ'. ಕೋಟು ತೊಟ್ಟು ಗಂಭೀರವಾಗಿ ಮಾತಾಡುವ ಅಪ್ಪ, ಹಿಂದೆ ಚಡ್ಡಿಯಿಲ್ಲದೆ ಓಡುವ ಮಗ. ಇವೆಲ್ಲ ಬೇರೆಯವರಿಗೆ ಆಗುವಂಥವು ಎಂಬ ನಂಬಿಕೆಯಿಂದಲೇ ಅಷ್ಟು ನಗುತ್ತಿದ್ದೆ.

ಅಂದಿನ ಆನ್‌ಲೈನ್ ಸಭೆಯಲ್ಲಿ ನನ್ನ ಪೇಪರಿನ ಹಣೆಬರಹ ತೀರ್ಮಾನವಾಗಬೇಕಿತ್ತು. ತರ್ಕಶಾಸ್ತ್ರವನ್ನು ತೆಗೆದು ಆ ಅವಧಿಯನ್ನು ಕಂಪ್ಯೂಟರಿಗೆ ಕೊಡಬೇಕೆಂದು ಹಟ ಹಿಡಿದಿದ್ದವರು ವಾಣಿಜ್ಯ ವಿಭಾಗದ ರುದ್ರೇಶ್. ನಾನು ನಾಲ್ಕು ಹಾಳೆ ಭಾಷಣ ಬರೆದುಕೊಂಡು, ಇಸ್ತ್ರಿ ಅಂಗಿ ಹಾಕಿ, ಕೆಳಗೆ ಲುಂಗಿಯಲ್ಲೇ ಕೂತೆ. ಪ್ರಿನ್ಸಿಪಾಲರು ವೇಳಾಪಟ್ಟಿಯನ್ನು ಸ್ಕ್ರೀನ್ ಶೇರ್ ಮಾಡಿದ್ದರಿಂದ ಅದೇ ಪರದೆಯನ್ನೆಲ್ಲ ತುಂಬಿತ್ತು. ಮುಖಗಳು ಮೂಲೆ ಸೇರಿದ್ದವು. ಹೆಚ್ಚಿನವರ ಕ್ಯಾಮೆರಾ ಆಫ್. ಅಷ್ಟರಲ್ಲಿ ಸಾಕ್ಷಿ ಎಂಬ ನಮ್ಮ ಬೆಕ್ಕು ಕೀಬೋರ್ಡ್ ಮೇಲೆ ನಡೆದು, ಕ್ಯಾಮೆರಾಕ್ಕೆ ಬಾಲ ತೋರಿಸಿ ನಿಂತಿತು. ಅದನ್ನು ಎತ್ತಿ ಇಳಿಸಿದೆ. ಮತ್ತೆ ಹತ್ತಿತು. ಮತ್ತೆ ಇಳಿಸಿದೆ. ಆಗ 'ತರ್ಕಶಾಸ್ತ್ರ' ಎಂಬ ಶಬ್ದ ಕಿವಿಗೆ ಬಿತ್ತು. ಹಾಳೆ ಎತ್ತಿಕೊಂಡು ಶುರು ಮಾಡಿದೆ.

ಎಂಥ ಭಾಷಣ! ಅಡುಗೆಮನೆಯಿಂದ ವಸುಧಾ ಬಂದು ಇಣುಕಿದಳೆಂದರೆ ಊಹಿಸಿ. ಮ್ಯೂಟಲ್ಲಿ ಮಾತಾಡಿದರೆ ಪರದೆಯ ಮೇಲೆ ಸೂಚನೆ ಬರುತ್ತದಂತೆ. ಬಂದಿರಬೇಕು, ನಾನು ಹಾಳೆ ನೋಡುತ್ತಿದ್ದೆ. ಮೂರನೆಯ ಹಾಳೆ ಮುಗಿಯುವ ಹೊತ್ತಿಗೆ ಸ್ಪೀಕರಿನಿಂದ ಮಗುವಿನ ದನಿ ಕೇಳಿತು. ಭದ್ರಾವತಿಯಿಂದ ಸೇರಿದ್ದ ಸೆಲ್ವಿ ಮೇಡಂ ಮಾತಾಡಲೆಂದು ಮೈಕ್ ತೆರೆದಿದ್ದರು. ಅವರ ಐದು ವರ್ಷದ ಮಗಳು ನಿಲಾ ಮಡಿಲಿಗೆ ಹತ್ತಿ, ಫೋನನ್ನು ಬೆರಳಲ್ಲಿ ಸರಿಸಿ, ವೇಳಾಪಟ್ಟಿ ದಾಟಿ ಮುಖಗಳಿರುವ ಪುಟಕ್ಕೆ ಹೋಗಿದ್ದಳು.

"ಅಮ್ಮಾ, ಈ ಅಂಕಲ್ ಯಾರಿಗೋ ಬೈತಾ ಇದಾರೆ. ಸೌಂಡೇ ಬರ್ತಿಲ್ಲ."

ಇಡೀ ಸಭೆಯಲ್ಲಿ ನನ್ನನ್ನು ನೋಡುತ್ತಿದ್ದವಳು ಅವಳೊಬ್ಬಳೇ. ಗಡಬಡಿಸಿ ಮೈಕ್ ಒತ್ತಿ, ಮಾತು ತಡೆಯಲಾಗದೆ, "ಆದ್ದರಿಂದ ತರ್ಕವಿಲ್ಲದ ಕಾಲೇಜು ಕಾಲೇಜೇ ಅಲ್ಲ!" ಎಂದೆ. ಆಮೇಲೆ ಪ್ರಿನ್ಸಿಪಾಲರು ಮೆಲ್ಲಗೆ, "ಆಯ್ತು ಮೇಷ್ಟ್ರೇ, ಒಪ್ಪಿದೀವಲ್ಲ" ಎಂದರು.

ಗೆದ್ದೆ! ಸಂಜೆಯೊಳಗೆ ಸೆಲ್ವಿ ಮೇಡಂ ತೆಗೆದ ಸ್ಕ್ರೀನ್‌ಶಾಟ್ ಹುಡುಗರ ಕೈ ಸೇರಿ ಮೀಮಾಗಿತ್ತು: ತೆರೆದ ಬಾಯಿ, ಎತ್ತಿದ ಬೆರಳು, ಹೆಸರಿನ ಪಕ್ಕ ಗೆರೆ ಎಳೆದ ಕೆಂಪು ಮೈಕು, ಮೂಲೆಯಲ್ಲೊಂದು ಬಾಲ. ನನಗೆ ಬೇಸರವಾಗಲಿಲ್ಲ. ಬೆಕ್ಕು ನಡುವೆ ಎಲ್ಲೋ ಮ್ಯೂಟ್ ಒತ್ತಿದೆ, ಅಷ್ಟರೊಳಗೆ ಮುಖ್ಯ ವಾದವೆಲ್ಲ ತಲುಪಿ ಸಭೆ ಒಪ್ಪಿದೆ ಎಂದು ವಾರವಿಡೀ ಹೇಳಿಕೊಂಡು ತಿರುಗಿದೆ.

"ಮ್ಯೂಟಿಗೆ ಎರಡು ಕೀ ಒಟ್ಟಿಗೆ ಒತ್ತಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ," ಎಂದಳು ವಸುಧಾ.

"ಅದಕ್ಕೆ ನಾಲ್ಕು ಕಾಲಿದೆಯಲ್ಲ ಮಾರಾಯ್ತಿ," ಎಂದೆ.

ಆದರೂ ಅನುಮಾನದ ಹುಳ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ರುದ್ರೇಶರನ್ನೇ ಹಿಡಿದು, ನನ್ನ ಯಾವ ವಾದಕ್ಕೆ ಸೋತಿರಿ ಎಂದು ಕೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಮಕ್ಕಳ ಜೊತೆ ತ್ಯಾವರೆಕೊಪ್ಪದ ಸಫಾರಿ ಬಸ್ಸಿಂದ್ಲೇ ಸಭೆಗೆ ಸೇರಿದ್ದೆ ಮಾರಾಯ್ರೆ. ನಾನೂ ಎರಡು ನಿಮಿಷ ಜೋರಾಗಿ ವಿರೋಧ ಮಾಡ್ದೆ. ಬಸ್ಸಲ್ಲಿದ್ದೋರಿಗೆಲ್ಲ ಕೇಳ್ತು, ಹುಲಿಗೂ ಕೇಳಿರ್ಬೇಕು. ನಿಮಗೆ ಕೇಳ್ಲಿಲ್ವಾ?"

ಆಮೇಲೆ ಸಭೆಯ ರೆಕಾರ್ಡಿಂಗ್ ತರಿಸಿ ಎರಡು ಸಲ ಕೇಳಿದೆ. ಮೊದಲು ಬಸ್ಸಿನ ಸದ್ದು, ಯಾರೋ "ಕೈ ಹೊರಗೆ ಹಾಕ್ಬೇಡಿ" ಎಂದು ಕೂಗುವ ದನಿ. "ಯಾರದ್ರೀ ಇದು ಗಲಾಟೆ, ಎಲ್ಲರನ್ನೂ ಮ್ಯೂಟ್ ಮಾಡ್ತೀನಿ. ಮಾತಾಡೋರು ನೀವೇ ಆನ್ ಮಾಡ್ಕೊಳ್ಳಿ," ಎನ್ನುತ್ತಾರೆ ಪ್ರಿನ್ಸಿಪಾಲರು, ಅದು ನಾನು ಬೆಕ್ಕನ್ನು ಇಳಿಸುತ್ತಿದ್ದ ಹೊತ್ತು. ನಂತರ, "ತರ್ಕಶಾಸ್ತ್ರ ಮುಂದುವರಿಸೋಕೆ ಯಾರದ್ದಾದ್ರೂ ಆಕ್ಷೇಪ ಇದ್ಯಾ?" ಎಂಬ ಪ್ರಶ್ನೆ. ನಿಶ್ಶಬ್ದ. "ಸರಿ, ಇರ್ಲಿ ಬಿಡಿ." ಅಲ್ಲಿಂದ ಮುಂದೆ ಮೂರೂವರೆ ನಿಮಿಷ ನೆಲಮಹಡಿಯ ಸೋರುವ ನಲ್ಲಿಯ ಚರ್ಚೆ.

ಇಡೀ ರೆಕಾರ್ಡಿಂಗಿನಲ್ಲಿ ನನ್ನ ದನಿ ಇರುವುದು ಒಂದೇ ಒಂದು ವಾಕ್ಯದಷ್ಟು, ಅದೂ ನಲ್ಲಿ ರಿಪೇರಿಗೆ ಒಪ್ಪಿಗೆ ಸಿಕ್ಕ ಮೇಲೆ.