ಅರ್ಧ ಕೆರೆದ ತಂತಿ

ಅಮರಗೋಳದ ಮಾರ್ಕೆಟ್ ಯಾರ್ಡಿನ ಎದುರು ಇಪ್ಪತ್ತೆರಡು ವರ್ಷಗಳಿಂದ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿ ಮರುಜನ್ಮ ಕೊಡುತ್ತಿರುವ ಗುರುಬಸವ ಎಂಬ ನನ್ನನ್ನು, ಮೋಟರಿನ ವಿಷಯದಲ್ಲಿ ನನ್ನ ಮನೆಯವರೇ ಒಂದು ಮಾತೂ ಕೇಳಲಿಲ್ಲ ಎಂದರೆ ನೀವು ನಂಬುತ್ತೀರಾ? ಹೆಬ್ಬಳ್ಳಿಯ ರೈತರು ಕೆಟ್ಟ ಪಂಪನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ನಾನು ಮೂಸಿ ನೋಡಿಯೇ ಯಾವ ಕಾಯಿಲ್ ಸುಟ್ಟಿದೆ ಎಂದು ಹೇಳುತ್ತೇನೆ. (ಕೆಲವೊಮ್ಮೆ ಸರಿಯಾಗಿಯೂ ಹೇಳುತ್ತೇನೆ.) ಇಂಥ ನನ್ನ ಊಟದ ತಾಟಿನಿಂದ ಮೂರೇ ಅಡಿ ದೂರದಲ್ಲಿ ಕುಳಿತು, ಎಂಟನೇ ಇಯತ್ತೆಯ ನನ್ನ ಮಗಳು ಚಿನ್ಮಯೀ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮೋಟರು ಮಾಡುತ್ತಿದ್ದಳು. ನನಗೆ ಬೆನ್ನು ಮಾಡಿಕೊಂಡು!

"ಏನವ್ವಾ, ನಾ ಸ್ವಲ್ಪ ನೋಡ್ಲಿ?" ಎಂದೆ.

"ಬ್ಯಾಡಪಾ. ನಮ್ಮ ಕೈಲೇನ ಮಾಡಬೇಕಂತ ಟೀಚರ್ ಹೇಳ್ಯಾರ."

"ಮುಟ್ಟಂಗಿಲ್ಲ, ಬರೇ ಹೇಳತೇನಿ."

ಅಡುಗೆಮನೆಯಿಂದ ನನ್ನ ಧರ್ಮಪತ್ನಿ ಸೌಮ್ಯಾಳ ಅಶರೀರವಾಣಿ ಕೇಳಿಸಿತು. "ನೀವು ಬರೇ ಹೇಳತೇನಿ ಅಂತ ಮಿಕ್ಸರ್ ಬಿಚ್ಚಿ ಮೂರು ತಿಂಗಳಾತು. ಇನ್ನೂ ಒಳಕಲ್ಲಿನ್ಯಾಗ ಚಟ್ನಿ ಅರಿಯಾಕತ್ತೇನಿ. ಸುಮ್ನ ರೊಟ್ಟಿ ತಿನ್ರಿ."

ಸುಮ್ಮನೆ ರೊಟ್ಟಿ ತಿಂದೆ. ಆದರೆ ಕಣ್ಣಿಗೆ ಯಾರ ಅಪ್ಪಣೆ ಬೇಕು? ಓರೆಗಣ್ಣಿನಿಂದ ಎಲ್ಲವನ್ನೂ ನೋಡಿದೆ. ಟಾರ್ಚಿಗೆ ಹಾಕುವ ದಪ್ಪ ಸೆಲ್ಲನ್ನು ಅಡ್ಡ ಮಲಗಿಸಿದ್ದಳು. ಅದರ ಎರಡು ತುದಿಗೆ ಎರಡು ದೊಡ್ಡ ಸೇಫ್ಟಿ ಪಿನ್ನುಗಳನ್ನು ನಿಲ್ಲಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದಳು. ಸೆಲ್ಲಿನ ಬೆನ್ನ ಮೇಲೆ ಹಳೆಯ ಸ್ಪೀಕರಿನಿಂದ ಕಿತ್ತ ಕರಿಯ ಮ್ಯಾಗ್ನೆಟ್ಟು. ನನ್ನ ಅಂಗಡಿಯ ಕಸದ ಡಬ್ಬಿಯಿಂದ ಹೆಕ್ಕಿದ ತಾಮ್ರದ ತಂತಿಯನ್ನು ಇನ್ನೊಂದು ಸೆಲ್ಲಿಗೆ ಹನ್ನೆರಡು ಸುತ್ತು ಸುತ್ತಿ, ಬಳೆಯಂಥ ಕಾಯಿಲ್ ಮಾಡಿ, ಎರಡು ತುದಿಗಳನ್ನು ಎಡಕ್ಕೊಂದು ಬಲಕ್ಕೊಂದು ಚಾಚಿದ್ದಳು. ಆ ತುದಿಗಳು ಪಿನ್ನಿನ ಕಣ್ಣುಗಳಲ್ಲಿ ಕೂರಬೇಕು, ಕಾಯಿಲ್ ಮ್ಯಾಗ್ನೆಟ್ಟಿನ ಮೇಲೆ ಗಿರಗಿರ ತಿರುಗಬೇಕು. ಅದು ಲೆಕ್ಕ.

ಲೆಕ್ಕದಂತೆ ಅದು ತಿರುಗಲಿಲ್ಲ. ಸೋಮವಾರ ಅಲುಗಲೇ ಇಲ್ಲ. ತಾಮ್ರ ಹೊಳೆಯುತ್ತದೆಂದು ಬರಿ ತಾಮ್ರ ಎಂದುಕೊಂಡಿದ್ದಳು. ಮೋಟರಿನ ತಂತಿಗೆ ಮೈತುಂಬ ತೆಳ್ಳನೆಯ ಇನಾಮಲ್ ಲೇಪ ಇರುತ್ತದೆ, ಅದನ್ನು ತೆಗೆಯದೆ ಕರೆಂಟು ಒಳಗೆ ಕಾಲಿಡುವುದಿಲ್ಲ. ಮಂಗಳವಾರ ಏನನ್ನೋ ಕೆರೆದಳು. ಏನಾಯಿತೋ ಗೊತ್ತಿಲ್ಲ, ನಾನು ಅಂಗಡಿಯಲ್ಲಿದ್ದೆ. ಬುಧವಾರ ಎರಡು ಸುತ್ತು ತಿರುಗಿ ನಿಂತಿತು, ಕಾಯಿಲ್ ಒಂದು ಕಡೆ ಭಾರವಾಗಿತ್ತು. ಗುರುವಾರ ಹುಡುಗಿ ಅತ್ತಳು. ಓಡುವ ಮಾದರಿಗಳಿಗೆ ಮಾತ್ರ ಮೇಜು, ಓಡದವು ಹಿಂದಿನ ಕೋಣೆಯ ಚಾರ್ಟುಗಳ ಜೊತೆ ಎಂದು ಟೀಚರು ಹೇಳಿದ್ದರಂತೆ. ಹಿಂದಿನ ಕೋಣೆಗೆ ಪರೀಕ್ಷಕರು ಬರುವುದೇ ಇಲ್ಲವಂತೆ. ಆದರೂ ಅವಳು ನನ್ನನ್ನು ಕೇಳಲಿಲ್ಲ.

ಶುಕ್ರವಾರ ಸಂಜೆ ಅಳು ನಿಲ್ಲಿಸಿ ಹೊಸ ಕಾಯಿಲ್ ಸುತ್ತಿದಳು. ಈ ಸಲ ಬಳೆಗಾರರೂ ಮೆಚ್ಚುವಷ್ಟು ದುಂಡಗೆ, ತುದಿಗಳು ಒಂದೇ ಗೆರೆಯಲ್ಲಿ. ಬ್ಲೇಡಿನಿಂದ ತುದಿಗಳನ್ನು ಕೆರೆದು, ಸೆಲ್ ಉಳಿಸಲು ಪರೀಕ್ಷೆ ಮಾಡದೆ, "ನಾಳೆ ಸಾಲ್ಯಾಗ ತಿರುಗೇ ತಿರಗತೈತಿ" ಎಂದು ಡಬ್ಬಿಯಲ್ಲಿಟ್ಟಳು.

ಶನಿವಾರ ನಾವು ಮೂವರೂ ಬೈರಿದೇವರಕೊಪ್ಪದ ಮನೆಯಿಂದ ಒಂದೇ ಸ್ಕೂಟರಿನಲ್ಲಿ ಹೊರಟೆವು. ಸೌಮ್ಯಾ ಇಳಕಲ್ ಸೀರೆ ಉಟ್ಟಿದ್ದಳು. ಉಗುರುಬಣ್ಣ ಹಚ್ಚಿಕೊಳ್ಳಲು ಮನೆಯಲ್ಲಿ ಪುರುಸೊತ್ತಾಗದೆ ಆ ಗುಲಾಬಿ ಬಣ್ಣದ ಸೀಸೆಯನ್ನು ಪರ್ಸಿನಲ್ಲೇ ಹಾಕಿಕೊಂಡಿದ್ದಳು. (ಆ ಸೀಸೆಯ ಬೆಲೆಯ ಬಗ್ಗೆ ನಾನು ಶಾಲೆಯ ಗೇಟಿನ ತನಕ ಟೀಕೆ ಮಾಡಿದೆ. ಮುಂದೆ ಅದಕ್ಕೆ ಕೈಮುಗಿಯುವ ಕಾಲ ಬರುತ್ತದೆಂದು ಯಾರಿಗೆ ಗೊತ್ತಿತ್ತು?)

ಹದಿನಾಲ್ಕನೇ ಮೇಜು ನಮ್ಮದು. ಚಿನ್ಮಯೀ ಎಲ್ಲವನ್ನೂ ಜೋಡಿಸಿ, ಪ್ರಾರ್ಥನೆಯ ಗಂಟೆ ಹೊಡೆಯಿತೆಂದು ಮೈದಾನಕ್ಕೆ ಓಡಿದಳು. ಹೋಗುವಾಗ, "ಅಪ್ಪಾ, ನೀ ಬರೇ ಕಾಯಬೇಕ ನೋಡು" ಎಂದಳು. ಸೌಮ್ಯಾ ಪ್ರಾರ್ಥನೆ ನೋಡಲು ಅವಳ ಹಿಂದೆಯೇ ಹೋದಳು.

ನಾನು ಕಾದೆ. ಖರೇ ಹೇಳುತ್ತೇನೆ, ಎರಡು ನಿಮಿಷ ಕಾದೆ. ಆಮೇಲೆ ಕಾಯಿಲ್ಲನ್ನು ಎತ್ತಿ ಬೆಳಕಿಗೆ ಹಿಡಿದೆ. ಒಂದು ತುದಿಯನ್ನು ಸುತ್ತಲೂ ಚೊಕ್ಕವಾಗಿ ಕೆರೆದಿದ್ದಳು. ಇನ್ನೊಂದು ತುದಿಯಲ್ಲಿ ಅರ್ಧ ಮಗ್ಗುಲು ಮಾತ್ರ ತಾಮ್ರ, ಉಳಿದರ್ಧದಲ್ಲಿ ಇನಾಮಲ್ ಹಾಗೇ ಕೂತಿತ್ತು.

ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ತಂತಿಯ ತುದಿ ಜೋಡಿಸುವಾಗ ಸುತ್ತಲೂ ಕೆರೆಯಬೇಕು. ಅರ್ಧ ಕೆರೆದು ಬೆಸುಗೆ ಹಾಕಿದರೆ ಜೋಡಣೆ ಬಿಸಿಯಾಗಿ ಮೋಟರು ಸುಡುತ್ತದೆ. ಇದನ್ನು ನಾನು ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಪಾಪ, ಹುಡುಗಿಗೆ ಕತ್ತಲಾಗಿ ಕಾಣಲಿಲ್ಲವೇನೋ! ಅಪ್ಪನಾದವನು ಸುಮ್ಮನಿರಬೇಕೇ? ಕಿಸೆಯಲ್ಲಿ ಸದಾ ಇರುವ ಪಾಲಿಶ್ ಪೇಪರ್ ತೆಗೆದೆ. ನಾಲ್ಕೇ ಸಲ ತಿಕ್ಕಿದೆ. ತುದಿ ಚಿನ್ನದಂತೆ ಹೊಳೆಯಿತು. ಮೊದಲಿದ್ದಂತೆ ಇಟ್ಟು, ಮಹಾಕಾರ್ಯ ಮುಗಿಸಿದವನ ಗತ್ತಿನಲ್ಲಿ ಕೈಕಟ್ಟಿ ನಿಂತೆ.

ಚಿನ್ಮಯೀ ಅವ್ವನ ಜೊತೆ ಬಂದಳು. ಉಸಿರು ಬಿಗಿಹಿಡಿದು ಕಾಯಿಲ್ಲನ್ನು ಪಿನ್ನುಗಳಲ್ಲಿ ಕೂರಿಸಿ ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಅದು ಮುಂದೆ ಅರ್ಧ ಸುತ್ತು ಹೋಯಿತು, ಹಿಂದೆ ಬಂತು, ಮುಂದೆ ಹೋಯಿತು, ಹಿಂದೆ ಬಂತು, ಕೊನೆಗೆ ಮ್ಯಾಗ್ನೆಟ್ಟಿನ ಮೇಲೆ ಅಡ್ಡಡ್ಡ ನಿಂತು ನಡುಗತೊಡಗಿತು. ಇನ್ನೊಮ್ಮೆ ತಳ್ಳಿದಳು. ಅದೇ ಕಥೆ. ಸೆಲ್ಲು ಬಿಸಿಯಾಯಿತು. ತಟ್ಟನೆ ಕಾಯಿಲ್ ಎತ್ತಿದಳು.

"ಇದು ಮಂಗಳವಾರದ ರೋಗ! ಪೂರ್ತಿ ಕೆರದಾಗ ಹಿಂಗ ಮಾಡಿತ್ತು!" ಎಂದಳು. ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನ್ನ ಅತ್ತೆಯವರದು, ವಂಶಪಾರಂಪರ್ಯವಾಗಿ ಬಂದದ್ದು.

"ಅಪ್ಪಾ, ಇದನ್ನ ಪೂರ್ತಿ ಯಾರು ಕೆರದ್ರು?"

"ಅದು... ಅರ್ಧ ಉಳದಿತ್ತಲ್ಲವ್ವಾ..."

"ಬೇಕಂತನ ಉಳಿಸಿದ್ದೆ! ಅದರಾಗ ಐತಿ ಎಲ್ಲಾ!"

ಅವಳ ಕಣ್ಣುಗಳು ತುಂಬಿದವು. ಶುಕ್ರವಾರ ಸುತ್ತಿದ್ದು ಅದೊಂದೇ, ಬೇರೆ ಕಾಯಿಲ್ ಇರಲಿಲ್ಲ. ಪರೀಕ್ಷಕರು ಆಗಲೇ ಹತ್ತನೇ ಮೇಜಿನ ಗೋಬರ್ ಗ್ಯಾಸಿನ ಮುಂದೆ ಮೂಗು ಹಿಡಿದು ನಿಂತಿದ್ದರು. ಇಪ್ಪತ್ತೆರಡು ವರ್ಷದ ಅನುಭವ ನನ್ನ ಕಾಲಡಿಯಿಂದ ಜಾರಿ ಹೋಯಿತು.

"ನಾ ಹೇಳಿದ್ದೆ ಇಲ್ಲೋ, ಇವರ ಕೈಗೆ ಏನೂ ಕೊಡಬ್ಯಾಡ ಅಂತ? ಮಿಕ್ಸರ್ ಆತು, ಈಗ ಮಗಳ ಪಾಳಿ!" ಎಂದು ಸೌಮ್ಯಾ ಹರಿಹಾಯ್ದಳು. ಬೈಯುತ್ತಲೇ, ಸಿಟ್ಟಿನಲ್ಲಿ ಕೈಗೆ ಕೆಲಸ ಬೇಕೆಂದೋ ಏನೋ, ಸೀಸೆ ತೆಗೆದು ಉಗುರಿಗೆ ಬಣ್ಣ ಹಚ್ಚಲು ಕುಳಿತಳು.

ಚಿನ್ಮಯೀ ಆ ಸೀಸೆಯನ್ನೇ ನೋಡಿದಳು. ಕಣ್ಣೀರು ಅರ್ಧಕ್ಕೇ ನಿಂತಿತು.

"ಅವ್ವಾ, ಕೊಡ ಅದನ್ನ! ಈ ಬಣ್ಣದಾಗಿಂದನೂ ಕರೆಂಟ್ ದಾಟಂಗಿಲ್ಲ. ಇನಾಮಲ್ ಹ್ವಾದ್ರ ಹೋಗ್ಲಿ, ಇದನ್ನ ಹಚ್ಚೂಣು. ಅಪ್ಪಾ, ಕಾಯಿಲ್ ಹಿಡಿ. ನಟ್ಟಗ ನಿಂದರಿಸಿ ಹಿಡಿ, ಅಳಗಾಡಸಬ್ಯಾಡ."

ಕೊನೆಗೂ ನನಗೊಂದು ಕೆಲಸ ಸಿಕ್ಕಿತು! ಕೂದಲೆಳೆಯಂಥ ತಂತಿ ಹಿಡಿದು ಪಳಗಿದ ಕೈ ನನ್ನದು. ಉಸಿರೂ ಆಡದೆ ಬಳೆಯಂತೆ ನೆಟ್ಟಗೆ ನಿಲ್ಲಿಸಿ ಹಿಡಿದೆ. ಅವಳು ಒಂದೇ ತುದಿಯ ಮೇಲಿನ ಅರ್ಧಕ್ಕೆ ಮಾತ್ರ ಬಣ್ಣ ಎಳೆದಳು, ಕೆಳಗಿನ ಅರ್ಧ ತಾಮ್ರವಾಗಿಯೇ ಉಳಿಯಿತು. ಅವಸರದಲ್ಲಿ ಕುಂಚ ನನ್ನ ಹೆಬ್ಬೆರಳ ಉಗುರಿಗೂ ತಾಗಿತು. ಒರೆಸಿಕೊಳ್ಳಲು ಎರಡನೇ ಕೈ ಬಿಡುವಾಗಿರಲಿಲ್ಲ. ಸೌಮ್ಯಾ ಸೆರಗಿನಿಂದ ಗಾಳಿ ಬೀಸಿದಳು. ನಾನು ಊದಿದೆ. ಹನ್ನೊಂದನೇ ಮೇಜು, ಹನ್ನೆರಡು, ಹದಿಮೂರು...

ಪರೀಕ್ಷಕರು ಬಂದೇ ಬಂದರು. ಶಶಿಕಾಂತ ಸರ್ ಎಂದು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. "ತಿರಗತೈತೇನವ್ವಾ?" ಎಂದರು.

ಚಿನ್ಮಯೀ ಕಾಯಿಲ್ ಕೂರಿಸಿ ಬೆರಳು ತಾಗಿಸಿದಳು. ಅದು ಒಮ್ಮೆ ತಡವರಿಸಿತು. ಮರುಕ್ಷಣ ಒಂದು ಸುತ್ತು, ಎರಡು, ಐದು, ಆಮೇಲೆ ಎಣಿಸಲಾಗಲಿಲ್ಲ! ಸುತ್ತುಗಳೆಲ್ಲ ಕಲೆತು ತಾಮ್ರದ ಒಂದು ಗುಂಡಿನಂತೆ ಕಂಡವು. ಪಿನ್ನಿನ ಕಣ್ಣಲ್ಲಿ ಸಣ್ಣ ಕಿಡಿಗಳು ಮಿನುಗಿದವು. ನಾನು ಸಾವಿರಾರು ಮೋಟರು ತಿರುಗಿಸಿದ್ದೇನೆ, ಯಾವುದಕ್ಕೂ ನನ್ನ ಕಣ್ಣು ಒದ್ದೆಯಾಗಿರಲಿಲ್ಲ.

"ಭಾಳ ಛಲೋ. ಈ ಗುಲಾಬಿ ಬಣ್ಣ ಯಾಕ?" ಎಂದು ಸರ್ ಕೇಳಿದರು.

"ಕರೆಂಟ್ ಹರದ್ರ ಕಾಯಿಲ್ಲೂ ಒಂದು ಮ್ಯಾಗ್ನೆಟ್ ಆಗತೈತ್ರಿ ಸರ್. ಕೆಳಗಿನ ಮ್ಯಾಗ್ನೆಟ್ ಅದನ್ನ ಒಂದು ದಿಕ್ಕಿಗೆ ತಿರಗಸತೈತಿ. ಆದ್ರ ಅರ್ಧ ಸುತ್ತು ಆದಮ್ಯಾಲೆ ಕಾಯಿಲ್ ಮಗ್ಗಲಾ ಬದಲಾಗತೈತಿ. ಆಗೂ ಕರೆಂಟ್ ಇದ್ರ ಅದ ಮ್ಯಾಗ್ನೆಟ್ ಹಿಂದಕ್ಕ ನೂಕತೈತಿ. ಅದಕ್ಕ ಆ ಅರ್ಧದಾಗ ಕರೆಂಟ್ ಬಂದ್ ಮಾಡಬೇಕ್ರಿ. ಬಣ್ಣದ ಮಗ್ಗಲಾ ಪಿನ್ನಿಗೆ ತಾಕಿದಾಗ ಕರೆಂಟ್ ಇಲ್ಲ, ಓಡಿದ ಭರಕ್ಕ ತಾನ ದಾಟತೈತಿ. ತಾಮ್ರದ ಮಗ್ಗಲಾ ತಾಕಿದಾಗ ಮತ್ತ ನೂಕತೈತಿ. ಜೋಕಾಲಿ ಇದ್ದಂಗ ಸರ್, ಹಿಂದ ಬರುವಾಗೂ ಮುಂದಕ್ಕ ನೂಕಿದ್ರ ನಿಂತ ಬಿಡತೈತಿ."

"ತಂತಿ ಅರ್ಧ ಕೆರದ್ರ ಆಗತಿತ್ತಲ್ಲ?"

ಅವಳು ನನ್ನ ಕಡೆ ನೋಡಲಿಲ್ಲ. (ಬಂಗಾರದಂಥ ಹುಡುಗಿ.) "ಕೆರದಿದ್ದೆ ಸರ್. ಒಬ್ಬರು ಅನುಭವಸ್ಥರು ಪೂರ್ತಿ ಕೆರದ್ರು."

ಸರ್ ಹೊಟ್ಟೆ ಹಿಡಿದು ನಕ್ಕರು. "ಅಂಥಾ ಅನುಭವಸ್ಥರ ಕೈಯಾಗ ಮೋಟರ್ ಕೊಡಬಾರದವ್ವಾ!" ಎನ್ನುತ್ತ ತಲೆ ಎತ್ತಿದರು. ನನ್ನ ಮುಖ ನೋಡಿದರು. ಆಮೇಲೆ ಗುಲಾಬಿ ಹೆಬ್ಬೆರಳು ನೋಡಿದರು. ನಗು ನಿಧಾನಕ್ಕೆ ಇಳಿಯಿತು. ನಾನೂ ಆಗಲೇ ಅವರ ಗುರುತು ಹಿಡಿದದ್ದು.

"ಗುರುಬಸವಣ್ಣಾರ, ನಮ್ಮ ಬೋರಿನ ಮೋಟರ್ ನಿಮ್ಮ ಅಂಗಡ್ಯಾಗ ಐತಲ್ರೀ? ಒಂಬತ್ತು ದಿವಸ ಆತು!"

"ಸೋಮವಾರ ಕೊಡತೇನ್ರಿ ಸರ್," ಎಂದೆ.

"ಅವಸರ ಇಲ್ರಿ. ಕೊಡೂಕಿಂತ ಮದಲ ಮಗಳಿಗೆ ಒಮ್ಮೆ ತೋರಿಸಿ ಕಳಸ್ರಿ," ಎಂದು, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಏನೋ ಬರೆದು ನಡೆದರು. ತಾಲೂಕು ಪ್ರದರ್ಶನಕ್ಕೆ ಆಯ್ಕೆಯಾದ ಮೂರು ಹೆಸರುಗಳನ್ನು ಮಧ್ಯಾಹ್ನ ಓದಿದರು. ಮೊದಲನೆಯದು ನಮ್ಮ ಮನೆಯದು.

ಸೋಮವಾರ ಗಿರಾಕಿಗಳೆಲ್ಲ ನನ್ನ ಹೆಬ್ಬೆರಳು ನೋಡಿ ನಕ್ಕರು. ಅಂಗಡಿಯಲ್ಲಿ ಬಣ್ಣ ಕರಗಿಸುವ ತಿನ್ನರ್ ಡಬ್ಬಿಗಟ್ಟಲೆ ಇದೆ, ಒಂದು ಹನಿ ಸಾಕು. ನಾನು ಒರೆಸಲಿಲ್ಲ. ಸಂಜೆ ಶಾಲೆಯಿಂದ ನೇರ ಅಂಗಡಿಗೆ ಬಂದ ಚಿನ್ಮಯೀ, ತಾಲೂಕಿಗೆ ಹೊಸ ಕಾಯಿಲ್ ಬೇಕೆಂದು ತಂತಿ ಆರಿಸತೊಡಗಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತೆ.

"ಅಲ್ಲ್ಯಾಕ ನಿಂತೀ ಅಪ್ಪಾ? ಬಾ, ಕಾಯಿಲ್ ಹಿಡಿ," ಎಂದಳು. ನಾನು ಓಡಿದೆ. ಅವಳು ನನ್ನ ಕಿಸೆಗೆ ಕೈಹಾಕಿ ಪಾಲಿಶ್ ಪೇಪರ್ ತೆಗೆದು ತನ್ನ ಕಂಪಾಸ್ ಪೆಟ್ಟಿಗೆಯೊಳಗೆ ಇಟ್ಟುಕೊಂಡು, "ಈಗ ಹಿಡಿ," ಎಂದಳು.