ಎರಡು ನಿಮಿಷದ ಮಾತು

ಮದುವೆ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಒಂಬತ್ತಾದರೂ ಮದುಮಗನ ಕೈಯಲ್ಲಿದ್ದ ಕಾರ್ಡಿನ ಮೇಲೆ ಒಂದಕ್ಷರವೂ ಮೂಡಿರಲಿಲ್ಲ.

ಅವನು ಲಿಫ್ಟ್ ರಿಪೇರಿ ಮಾಡುವವನು. ಕಂಪನಿಯಲ್ಲೂ ಅವನು ವಾಸವಿದ್ದ ಬಿಲ್ಡಿಂಗಿನಲ್ಲೂ ಎಲ್ಲರಿಗೂ ಅವನು ಸ್ಪ್ಯಾನರ್. ಹದಿನೈದು ವರ್ಷಗಳಲ್ಲಿ ಅವನು ಬರೆದದ್ದೆಲ್ಲ ಸರ್ವಿಸ್ ರಿಪೋರ್ಟು: ‘ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಈಗ ಮುಚ್ಚುತ್ತದೆ.’ ಇಂಥವನ ಪಾಲಿಗೆ ಮದುವೆಯ ಪ್ರತಿಜ್ಞೆ ಬರೆಯುವ ಕೆಲಸ ಬಂದಿತ್ತು. ನೋಂದಣಿ ಕಚೇರಿಯಲ್ಲಿ ಕಾನೂನಿನ ಒಂದು ವಾಕ್ಯವನ್ನು ಇಬ್ಬರೂ ಅಕ್ಷರ ಬಿಡದೆ ಹೇಳಬೇಕು. ಅದಾದ ಮೇಲೆ ತಮ್ಮದೇ ಮಾತು ಆಡುವುದಿದ್ದರೆ ತಲಾ ಎರಡು ನಿಮಿಷ. ಅದರ ಪ್ರತಿ ಮಧ್ಯಾಹ್ನ ಎರಡರೊಳಗೆ ಅಧಿಕಾರಿಯ ಕೈ ಸೇರಬೇಕು.

ಕಾನೂನಿನ ವಾಕ್ಯವೊಂದೇ ಸಾಕೆಂದು ಅವನು ಗೋಗರೆದಿದ್ದ. ಹುಡುಗಿ ಒಪ್ಪಲಿಲ್ಲ. ಅವಳು ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಇನ್‌ಸ್ಪೆಕ್ಟರ್. ಎದುರು ನಿಂತವರು ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂಬುದು ಅವಳಿಗೆ ಮುಖ ನೋಡಿದರೆ ತಿಳಿಯುತ್ತದೆ. “ನಿಮ್ಮ ಮಾತೇ ಆಗಿರ್ಬೇಕು. ಬೇರೆಯವರ ಮಾತು ನಿಮ್ಮ ಬಾಯಲ್ಲಿ ಬಂತೋ, ನಾನು ರಿಜಿಸ್ಟರಿಗೆ ಸಹಿ ಹಾಕಲ್ಲ,” ಎಂದಿದ್ದಳು. ನಗುತ್ತಲೇ ಅಂದಿದ್ದಳು, ನಿಜ. ಆದರೆ ನಗುನಗುತ್ತಲೇ ಅವಳು ಅಂಗಡಿಗೆ ಬೀಗ ಹಾಕಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಸಂಕಟ ತಡೆಯಲಾರದೆ ಅವನು ಅಕ್ಕನ ಎದುರು ಬಾಯಿಬಿಟ್ಟ. ಮುಗಿಯಿತು. ಹತ್ತು ನಿಮಿಷದಲ್ಲಿ ಸುದ್ದಿ ನಾಲ್ಕೂ ಮಹಡಿಗೆ ಹರಡಿತು.

ಮೊದಲು ಬಂದವರು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು. ಕೇಳದೆಯೇ ಕುರ್ಚಿ ಎಳೆದು ಕೂತು, ಚಂದ್ರ, ಸಾಗರ, ಏಳೇಳು ಜನ್ಮ ಎಂದು ಒಂದೇ ಉಸಿರಿಗೆ ಹೇಳಿ ಬರೆಸಿದರು. ಚಂದ್ರನನ್ನು ಎಲ್ಲಿಂದ ತರಲಿ ಸಾರ್ ಎಂದು ಸ್ಪ್ಯಾನರ್ ಕೇಳಿದ. “ತರೋದಲ್ಲಪ್ಪ, ತರ್ತೀನಿ ಅನ್ನೋದು. ನಲವತ್ತು ವರ್ಷದಿಂದ ನಮ್ಮನೇಲಿ ಯಾರೂ ಚಂದ್ರ ಎಲ್ಲಿ ಅಂತ ಕೇಳಿಲ್ಲ,” ಎಂದರು ಮೇಷ್ಟ್ರು.

ಅವರ ಹಿಂದೆಯೇ ಕಂಪನಿಯ ಫೋರ್‌ಮನ್ ಬಂದ. ಹೆಣ್ಣುಮಕ್ಕಳಿಗೆ ಬೇಕಾದದ್ದು ಭರವಸೆ ಎಂದವನೇ ‘ಜೀವನಪೂರ್ತಿ ಒಂದು ದಿನವೂ ನಿನ್ನ ಕಣ್ಣಲ್ಲಿ ನೀರು ತರಿಸಲಾರೆ’ ಎಂದು ಸೇರಿಸಿದ. ಅವನ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿ ಮೂರು ತಿಂಗಳಾಗಿತ್ತು. ಪಾತ್ರೆ ತೊಳೆಯುತ್ತೇನೆ ಎಂದು ಸ್ಪ್ಯಾನರ್ ಕಾರ್ಡಿನ ಮೂಲೆಯಲ್ಲಿ ಗೀಚಿಕೊಂಡಿದ್ದನ್ನು ಕಂಡು ಅಕ್ಕ ಕೆಂಡವಾದಳು. ನಾಲ್ಕು ಜನರ ಮುಂದೆ ಮಾನ ಹರಾಜು ಹಾಕಬೇಡವೆಂದು ಅದನ್ನು ಹೊಡೆದುಹಾಕಿ, ಅಲ್ಲಿ ‘ನೀನೇ ನನ್ನ ಮನೆಯ ದೀಪ’ ಎಂದು ಬರೆದಳು.

ಹನ್ನೆರಡಕ್ಕೆ ಸ್ಪ್ಯಾನರ್ ಕನ್ನಡಿಯ ಮುಂದೆ ನಿಂತು, ಫೋನಿನಲ್ಲಿ ಸಮಯ ಹಾಕಿಕೊಂಡು ಗಟ್ಟಿಯಾಗಿ ಓದಿದ. ಏಳು ನಿಮಿಷ. ಮೇಷ್ಟ್ರ ವಾಕ್ಯಗಳ ನಡುವೆ ಎರಡು ಸಲ ಉಸಿರು ಸಿಕ್ಕಿಹಾಕಿಕೊಂಡಿತು. ಕನ್ನಡಿಯಲ್ಲಿದ್ದವನು ಯಾರೋ ಸಾಲ ಕೇಳಲು ಬಂದವನಂತೆ ಕಾಣುತ್ತಿದ್ದ. ಇದನ್ನು ಓದಿದರೆ ಅವಳು ಸಹಿ ಹಾಕುವುದಿಲ್ಲ, ಅವಳಿಲ್ಲದೆ ತನಗೆ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಮನೆಯಲ್ಲಿ ಮೂವರು, ಮೆಟ್ಟಿಲ ಮೇಲೆ ಇನ್ನೈವರು. ಎಲ್ಲರ ಹತ್ತಿರವೂ ಒಂದೊಂದು ಸಾಲು ಸಿದ್ಧವಿತ್ತು. ಸ್ಪ್ಯಾನರ್ ಖಾಲಿ ಕಾರ್ಡೊಂದನ್ನು ಜೇಬಿಗೆ ಹಾಕಿಕೊಂಡು ಲಿಫ್ಟಿನೊಳಗೆ ನುಗ್ಗಿದ. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಅದನ್ನು ನಿಲ್ಲಿಸಿ ನೆಲದ ಮೇಲೆ ಕೂತ.

ಅಲ್ಲಿ ನಿಶ್ಶಬ್ದವಿತ್ತು. ಅವಳನ್ನು ಮೊದಲು ಕಂಡದ್ದೂ ಇಂಥದ್ದೇ ಜಾಗದಲ್ಲಿ. ಕಂಡದ್ದಲ್ಲ, ಕೇಳಿಸಿಕೊಂಡದ್ದು. ಅವಳ ಕಚೇರಿಯ ಲಿಫ್ಟ್ ನಿಂತು ಅವಳು ಒಳಗೆ ಸಿಕ್ಕಿಕೊಂಡಿದ್ದಳು. ಇನ್ನೂ ಇಪ್ಪತ್ತು ನಿಮಿಷ ಬೇಕು, ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ ಎಂದು ಅವನು ಹೊರಗಿನಿಂದ ಹೇಳಿದ್ದ. ಬಾಗಿಲು ತೆರೆದಾಗ ಅವಳು ಗಡಿಯಾರ ನೋಡಿ, “ಸರಿಯಾಗಿ ಇಪ್ಪತ್ತೇ,” ಎಂದಿದ್ದಳು. ಅಷ್ಟನ್ನೇ ಮೊದಲು ಬರೆದ. ಆಮೇಲೆ ಕೈ ತಾನಾಗಿ ಓಡಿತು.

ಎಂದೂ ಜಗಳವಾಡುವುದಿಲ್ಲ ಎಂದು ಬರೆದು, ಯೋಚಿಸಿ, ಹೊಡೆದುಹಾಕಿದ. ನಡೆಸಲಾಗದ್ದನ್ನು ಬರೆದು ಏನು ಪ್ರಯೋಜನ? ಅವಳ ನಿದ್ದೆಯ ಗೊರಕೆಯ ಮಾತನ್ನೂ ಕೈಬಿಟ್ಟ. ಅದು ಇಬ್ಬರ ನಡುವಿನದು, ಸಭೆಯದಲ್ಲ. ಕಣ್ಣು ಮಂಜಾದರೂ ಓದಲು ಬರಲೆಂದು ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆದ. ಹೊರಗೆ ಬಾಗಿಲು ಬಡಿಯುತ್ತಿದ್ದರು. ಲಿಫ್ಟಿನವನೇ ಲಿಫ್ಟಿನಲ್ಲಿ ಸಿಕ್ಕಿಬಿದ್ದ ಎಂದು ಫೋರ್‌ಮನ್ ಕಂಪನಿಗೆ ದೂರು ಬರೆಸುತ್ತಿದ್ದ. ಮೇಷ್ಟ್ರು ಬಾಗಿಲ ಸಂದಿಗೆ ಬಾಯಿಟ್ಟು, ಸಾಗರದ ಬದಲು ಅಲೆ ಎಂದರೂ ನಡೆಯುತ್ತದೆ ಎಂದು ಕೂಗುತ್ತಿದ್ದರು. ಸ್ಪ್ಯಾನರ್ ಪಿಸುದನಿಯಲ್ಲಿ ಓದಿ ನೋಡಿದ. ಒಂದು ನಿಮಿಷ ಐವತ್ತು ಸೆಕೆಂಡು.

ಎರಡಕ್ಕೆ ಐದು ನಿಮಿಷವಿರುವಾಗ ಪ್ರತಿ ಅಧಿಕಾರಿಯ ಮೇಜು ಮುಟ್ಟಿತು. ಅವರು ಕನ್ನಡಕ ಏರಿಸಿ ಓದಿದರು, ಕಾನೂನಿಗೆ ಅಡ್ಡಿಯಾಗುವುದು ಏನೂ ಇಲ್ಲವೆಂದರು. ಮತ್ತೊಮ್ಮೆ ಓದಿ, ಯಾಕೋ ಅವನ ಮುಖವನ್ನೇ ನೋಡಿದರು.

ನಾಲ್ಕಕ್ಕೆ ಇಡೀ ಬಿಲ್ಡಿಂಗ್ ನೋಂದಣಿ ಕಚೇರಿಯ ಸಣ್ಣ ಹಾಲಿನಲ್ಲಿ ತುಂಬಿಕೊಂಡಿತ್ತು. ಕಾನೂನಿನ ವಾಕ್ಯ ಮುಗಿಯಿತು. ಸ್ಪ್ಯಾನರ್ ಕಾರ್ಡು ಹಿಡಿದು ಅವಳ ಕಡೆ ತಿರುಗಿದ.

“ಅವತ್ತು ಇಪ್ಪತ್ತು ನಿಮಿಷ ಅಂದಿದ್ದೆ, ನೀವು ನಂಬಿ ಕೂತಿದ್ರಿ. ಅಷ್ಟು ನಂಬಿಕೆ ನನ್ನ ಮೇಲೆ ಯಾರೂ ಇಟ್ಟಿರ್ಲಿಲ್ಲ. ನನಗೆ ಚೆನ್ನಾಗಿ ಮಾತಾಡೋಕೆ ಬರಲ್ಲ, ಮಾಡೋಕಾಗೋದಷ್ಟೇ ಹೇಳ್ತೀನಿ. ನೀವು ದಣಿದು ಬಂದ ದಿನ ಪಾತ್ರೆ ನಾನೇ ತೊಳೀತೀನಿ. ಬರೋದು ತಡ ಆದ್ರೆ ಫೋನ್ ಮಾಡಿ, ಎಷ್ಟು ತಡ ಅಂತ ಸರಿಯಾಗಿ ಹೇಳ್ತೀನಿ. ಜಗಳ ಆಡ್ತೀವಿ, ಆದ್ರೆ ಜಗಳದ ಮಧ್ಯೆ ಮನೆ ಬಿಟ್ಟು ಹೋಗಲ್ಲ. ತಪ್ಪು ನಂದಾದ್ರೆ ಅವತ್ತೇ ಒಪ್ಕೋತೀನಿ. ನಿಮ್ಮಮ್ಮ ಮಾತಾಡೋವಾಗ ಫೋನ್ ನೋಡಲ್ಲ. ನಿಮಗೆ ಭಯ ಆದಾಗೆಲ್ಲ, ಬಾಗಿಲ ಈಚೆ ನಾನಿರ್ತೀನಿ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಫೋರ್‌ಮನ್ ಎದ್ದು ಹೊರಗೆ ಹೋಗಿ ಹೆಂಡತಿಗೆ ಫೋನ್ ಹಚ್ಚಿದ. ಸ್ಪ್ಯಾನರ್‌ಗೆ ಬೆಳಗಿನಿಂದ ಮೊದಲ ಸಲ ಉಸಿರು ಹಗುರಾಯಿತು. ತನ್ನ ಕೆಲಸ ಮುಗಿಯಿತು, ಇನ್ನು ಅವಳ ಸರದಿ ಎಂದುಕೊಂಡ.

ಅವಳ ಕಣ್ಣು ತುಂಬಿತ್ತು. ತಾನು ಬರೆದು ತಂದ ಕಾಗದವನ್ನು ತೆರೆದು ನೋಡಿದಳು. ಮಡಚಿ ಬ್ಯಾಗಿಗೆ ಹಾಕಿ, ಬದಲಿಗೆ ತಪಾಸಣೆಯ ಪುಸ್ತಕ ತೆಗೆದು, ನಿಂತಲ್ಲೇ ಸರಸರನೆ ಏನೋ ಗುರುತು ಹಾಕಿಕೊಂಡಳು.

“ನಾನೂ ಎರಡು ನಿಮಿಷಕ್ಕೆ ಬರ್ಕೊಂಡು ಬಂದಿದ್ದೆ. ಇವರ ಮಾತು ಕೇಳಿದ ಮೇಲೆ ಅದು ಬೇಡ ಅನ್ನಿಸ್ತು. ಇವರು ಹೇಳಿದ್ದು ಒಟ್ಟು ಆರು. ಆ ಆರನ್ನೂ ಇವರು ತಪ್ಪದೆ ನಡೆಸೋ ಹಾಗೆ, ನನ್ನ ಉಸಿರಿರೋವರೆಗೂ ನಾನು ನೋಡ್ಕೋತೀನಿ. ನನ್ನ ಪ್ರತಿಜ್ಞೆ ಇಷ್ಟೇ.”

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಕಾನೂನಿಗೆ ಅಡ್ಡಿಯೇನಾದರೂ ಇದೆಯೇ ಎಂಬಂತೆ ಸ್ಪ್ಯಾನರ್ ಅಧಿಕಾರಿಯ ಕಡೆ ನೋಡಿದ. ಅವರು ಕನ್ನಡಕ ಒರೆಸಿಕೊಂಡು, ಏನೂ ಇಲ್ಲವೆಂದು ತಲೆಯಾಡಿಸಿದರು. ಸಹಿಯಾಯಿತು. ಇನ್ನು ಸಾಕ್ಷಿಗಳು ಬರಬಹುದು, ಮೂವರಿದ್ದರೆ ಸಾಕು ಎಂದರು ಅಧಿಕಾರಿ.

ನಾಲ್ಕೂ ಮಹಡಿಯವರು ಒಟ್ಟಿಗೇ ಎದ್ದು ನಿಂತರು.