ತೆಂಗಿನಕಾಯಿಗೆ ಹಲ್ಲು ಇರುವುದಿಲ್ಲ

ಚೌಕಾಸಿಗೆ ಇಳಿಯುವವರಿಗೆ ನಾನು ಯಾವಾಗಲೂ ಕೊಡುವ ಸಲಹೆ ಒಂದೇ: ಸಾಮಾನಿನ ಗುಣ ನೋಡಬೇಡಿ, ದೋಷ ನೋಡಿ. ಗುಣ ನೋಡಿದವರ ಕಣ್ಣು ಅರಳುತ್ತದೆ, ಅರಳಿದ ಕಣ್ಣನ್ನು ಕಂಡ ಮಾರುವವನು ಬೆಲೆ ಇಳಿಸುವುದಿಲ್ಲ. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಚಟ್ನಿಪುಡಿ ಕುಟ್ಟಿ ಮಾರುತ್ತಿದ್ದ ನಾನು ಇವತ್ತು ಐರ್ಲೆಂಡಿನ ಗಾಲ್ವೇಯಲ್ಲಿ ಸ್ವಂತ ದಿನಸಿ ಅಂಗಡಿಯ ಗಲ್ಲಾದ ಹಿಂದೆ ಕೂತಿರುವುದು ಈ ವಿದ್ಯೆಯ ಬಲದಿಂದಲೇ. ಆದರೆ ಇದರಲ್ಲಿ ಒಂದು ತೊಡಕಿದೆ ಎಂದು ನನಗೆ ಇತ್ತೀಚೆಗೆ ಗೊತ್ತಾಯಿತು. ದೋಷವನ್ನೇ ಹುಡುಕುತ್ತಾ ನಿಂತರೆ ಕೈಯಲ್ಲಿರುವ ಸಾಮಾನು ಏನು ಎಂಬುದೇ ಕೆಲವೊಮ್ಮೆ ಕಾಣುವುದಿಲ್ಲ.

ನನ್ನ ಅಂಗಡಿಯ ಹಳೆಯ ಗಿರಾಕಿಗಳಾದ ಸಹನಾ ಮತ್ತು ಪ್ರಶಾಂತ ದಂಪತಿ ಮನೆ ಕೊಂಡರು. ಪ್ರಶಾಂತ ಇಲ್ಲಿನ ಪಾರ್ಕ್‌ಮೋರ್ ಕೈಗಾರಿಕಾ ಪ್ರದೇಶದಲ್ಲಿ ಆಸ್ಪತ್ರೆಯ ಉಪಕರಣ ಮಾಡುವ ಕಂಪನಿಯೊಂದರಲ್ಲಿದ್ದಾನೆ. ಈ ದೇಶದಲ್ಲಿ ಮನೆ ಹುಡುಕುವುದೆಂದರೆ ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಇವರು ವರ್ಷಗಟ್ಟಲೆ ಹಂಚಿಕೊಂಡ ಬಾಡಿಗೆ ಮನೆಗಳಲ್ಲಿ, ಬೇರೆಯವರ ಫ್ರಿಜ್ಜಿನ ಒಂದು ಅರೆಯಲ್ಲಿ ತಮ್ಮ ಮೊಸರು ಇಟ್ಟುಕೊಂಡು ಬದುಕಿದವರು. ಹಾಗಾಗಿ ಗೃಹಪ್ರವೇಶಕ್ಕೆ ಒಳ್ಳೆಯ ಉಡುಗೊರೆ ಕೊಡಬೇಕೆಂದು ಭಾನುವಾರದ ಕಾರ್ ಬೂಟ್ ಸೇಲ್‌ಗೆ ಹೋದೆ. ಜನ ತಮ್ಮ ಕಾರಿನ ಡಿಕ್ಕಿ ತೆರೆದು ಹಳೆಯ ಸಾಮಾನು ಮಾರುವ ಆ ಮೈದಾನ ನನಗೆ ತೀರ್ಥಕ್ಷೇತ್ರವಿದ್ದಂತೆ. ಅಲ್ಲೊಂದು ಹಳೆಯ ಎಣ್ಣೆಬಣ್ಣದ ಚಿತ್ರ ಸಿಕ್ಕಿತು; ಹಾಲೆಂಡಿನದು ಎಂದ ಮಾರುವವನು. ಬಣ್ಣದ ಮೇಲಿನ ವಾರ್ನಿಷ್ ಕಷಾಯದ ಹಾಗೆ ಕಪ್ಪಾಗಿತ್ತು. ನಾನು ಚೌಕಟ್ಟಿನ ಒಂದು ಮೂಲೆ ಕಿತ್ತುಹೋಗಿದ್ದನ್ನು ತೋರಿಸಿದೆ, ಹಿಂದಿನ ತುಕ್ಕು ಮೊಳೆ ತೋರಿಸಿದೆ, ನಿಟ್ಟುಸಿರು ಬಿಟ್ಟೆ, ಎರಡು ಸಲ ಹೊರಟುಹೋದೆ. ಮಾರುವವನು ಸೋತ. ಚಿತ್ರವನ್ನು ನಾನು ನೋಡಿದ್ದು ಅರೆಗಣ್ಣಿನಿಂದ: ಹೂವು, ದ್ರಾಕ್ಷಿ, ಪೀಚ್, ನಿಂಬೆಹಣ್ಣು, ಒಂದು ಗಾಜಿನ ಲೋಟ, ಒಂದು ಮೇಣದ ದೀಪ, ಮೂಲೆಯ ಕತ್ತಲಲ್ಲಿ ಮೂರು ಕಣ್ಣಿನ ತೆಂಗಿನಕಾಯಿ. ಪೂಜೆಯ ತಟ್ಟೆ! ಗೃಹಪ್ರವೇಶಕ್ಕೆ ಇದಕ್ಕಿಂತ ಮಂಗಳಕರವಾದದ್ದು ಇನ್ನೇನು ಬೇಕು? ಹಾಲೆಂಡಿನವರೂ ನಮ್ಮ ಹಾಗೇ ತಟ್ಟೆ ಜೋಡಿಸುತ್ತಿದ್ದರಲ್ಲ ಎಂದು ನಮ್ಮ ಯಜಮಾನರ ಹತ್ತಿರ ಹೆಮ್ಮೆಯಿಂದ ಹೇಳಿದೆ. ಅವರು, "ಹಾಲೆಂಡಿನಲ್ಲಿ ತೆಂಗಿನಕಾಯಿ ಎಲ್ಲಿ ಬರುತ್ತೆ?" ಎಂದರು. ಅವರಿಗೆ ಯಾವಾಗಲೂ ಕೊಂಕು.

ಗೃಹಪ್ರವೇಶದ ದಿನ ಚಿತ್ರ ಹೊಸ ಮನೆಯ ಬಾಗಿಲ ಎದುರಿನ ಗೋಡೆಗೇರಿತು. ಅದರ ಎದುರಿಗೇ ಹೊಸ್ತಿಲು ಪೂಜೆ ನಡೆಯಿತು, ಅದರ ಮುಂದೆಯೇ ಹಾಲು ಉಕ್ಕಿತು. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ, ಗಾಲ್ವೇಯಲ್ಲಿ ಅಪರೂಪಕ್ಕೆ ಬರುವ ಬಿಸಿಲು ಕಿಟಕಿಯಿಂದ ಇಳಿದು ನೇರವಾಗಿ ಚಿತ್ರದ ಮೂಲೆಗೆ ಬಿತ್ತು. ಊರಿನಿಂದ ಬಂದಿದ್ದ ಪ್ರಶಾಂತನ ತಾಯಿ ಶಾರದಮ್ಮ ಕನ್ನಡಕ ಏರಿಸಿ ಹತ್ತಿರ ಹೋದರು. ಅವರು ತಿಪಟೂರಿನವರು, ತೆಂಗಿನಕಾಯಿಯ ವಿಷಯದಲ್ಲಿ ಅವರ ಮುಂದೆ ಬಾಯಿ ಬಿಡುವಂತಿಲ್ಲ.

"ಗೀತಾ, ಬಾ ಇಲ್ಲಿ. ಇದು ಏನು ಅಂದೆ?"

"ತೆಂಗಿನಕಾಯಿ ಅಮ್ಮ."

"ತೆಂಗಿನಕಾಯಿಗೆ ಹಲ್ಲು ಇರುತ್ತೇನಮ್ಮ?"

ಇತ್ತು. ಮೇಲಿನ ಸಾಲು ಪೂರ್ತಿ ಇತ್ತು. ಕೆಳದವಡೆ ಮಾತ್ರ ಇರಲಿಲ್ಲ. ನಾನು ಗೃಹಪ್ರವೇಶಕ್ಕೆ ಕೊಟ್ಟದ್ದು ಮನುಷ್ಯನ ತಲೆಬುರುಡೆ.

ತೆಗೆದುಬಿಡೋಣ ಎಂದು ಪ್ರಶಾಂತ ಕುರ್ಚಿ ಎಳೆದ. ಶಾರದಮ್ಮ ತಡೆದರು. "ಈಗ ತೆಗೆದು ಏನು ಪ್ರಯೋಜನ? ಇದರ ಮುಂದೇನೇ ಹಾಲು ಉಕ್ಕಿಸಿ ಆಯ್ತು. ಈ ಮನೇಲಿ ನಾನಂತೂ ಮಲಗಲ್ಲ. ನೀವೂ ಬೇಡ. ಮಾರಿ ಬೇರೆ ನೋಡ್ಕೊಳ್ಳಿ." ಸಹನಾ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. "ಗೀತಕ್ಕ, ಅತ್ತೆ ಒಂದು ಸಲ ಮನಸ್ಸಿಗೆ ಹಾಕ್ಕೊಂಡ್ರೆ ಮುಗೀತು. ಇವರೂ ಅಮ್ಮನ ಮಾತು ಮೀರಲ್ಲ. ಮತ್ತೆ ಬೇರೆಯವರ ಫ್ರಿಜ್ಜಿಗೆ ಹೋಗೋ ಶಕ್ತಿ ನಂಗಿಲ್ಲ ಅಕ್ಕ," ಎಂದಳು. ನನ್ನ ಒಂದು ಚೌಕಾಸಿ ಒಂದು ಮನೆಯನ್ನೇ ಅಲ್ಲಾಡಿಸಿತ್ತು.

ಅದೇ ಹೊತ್ತಿಗೆ ಆಪಲ್ ಟಾರ್ಟ್ ಹಿಡಿದು ಪಕ್ಕದ ಮನೆಯ ಊನಾ ಬಂದಳು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಚಿತ್ರ ಕಂಡವಳೇ ಟಾರ್ಟನ್ನು ನನ್ನ ಕೈಗೆ ತುರುಕಿ, "ಓ, ಗ್ರ್ಯಾಂಡ್! ವ್ಯಾನಿಟಾಸ್! ಹೊಸ ಮನೆಯ ಬಾಗಿಲಲ್ಲೇ! ನಿಮ್ಮ ಧೈರ್ಯ ಮೆಚ್ಚಬೇಕು," ಎಂದಳು.

"ಏನಂತೆ?" ಎಂದರು ಶಾರದಮ್ಮ.

"ಗ್ರ್ಯಾಂಡ್ ಅಂತೆ ಅಮ್ಮ."

"ಅಷ್ಟುದ್ದ ಹೇಳಿದಳು, ನೀನು ಒಂದೇ ಮಾತು ಹೇಳ್ತೀಯಲ್ಲ. ಪೂರ್ತಿ ಕೇಳು. ಅದು ಏನು ಹೇಳ್ತೈತೆ ಅಂತ ತಿಳ್ಕೊಂಡೇ ನಾನು ತೀರ್ಮಾನ ಮಾಡೋದು."

ಹೀಗೆ ನಾನು ದುಭಾಷಿಯಾದೆ. ಊನಾ ಮೊದಲು ಚಿತ್ರವನ್ನು ಇಳಿಸಿ ಹಿಂಭಾಗ ನೋಡಿ, ಇದು ಆಮೇಲೆ ಯಾರೋ ಮಾಡಿದ ನಕಲು, ಆದರೆ ನೋಡಿ ಬರೆದ ಮೂಲ ಹದಿನೇಳನೆಯ ಶತಮಾನದ್ದು ಎಂದಳು. ಆ ಕಾಲದ ಹಾಲೆಂಡಿನಲ್ಲಿ ಇಂಥವನ್ನು ರಾಶಿ ರಾಶಿ ಬರೆದರಂತೆ. ವ್ಯಾನಿಟಾಸ್ ಎಂದರೆ ಲ್ಯಾಟಿನ್‌ನಲ್ಲಿ ವ್ಯರ್ಥ, ಟೊಳ್ಳು. ಇದನ್ನು ಓದುವಾಗ ಸಾಮಾನಿನ ಹೆಸರು ಹೇಳಿಕೊಂಡು ಹೋಗಬೇಡಿ. ಯಾವುದು ಮುಗಿದಿದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾವುದು ಬೀಳುವುದರಲ್ಲಿದೆ ಎಂದು ನೋಡಿ, ಎಂದಳು. ಆ ಮಾತು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಇದೂ ದೋಷ ಹುಡುಕುವ ವಿದ್ಯೆಯೇ!

ಊನಾ ಮೊಬೈಲಿನ ಟಾರ್ಚ್ ಹಚ್ಚಿ ಹೂವಿನಿಂದ ಶುರು ಮಾಡಿದಳು. ಟ್ಯೂಲಿಪ್ ವಸಂತದ್ದು, ಗುಲಾಬಿ ಬೇಸಿಗೆಯದ್ದು. ನನ್ನ ತೋಟದಲ್ಲಿ ಇವೆರಡೂ ಒಟ್ಟಿಗೆ ಅರಳಿದ್ದೇ ಇಲ್ಲ, ಎಂದಳು. ಕಲಾವಿದರು ಒಂದೊಂದು ಹೂವನ್ನು ಅದರ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು ಆಮೇಲೆ ಜೋಡಿಸುತ್ತಿದ್ದರಂತೆ. ಅಂದರೆ ಇಂಥ ಹೂಗುಚ್ಛ ಯಾರ ಮನೆಯಲ್ಲೂ ಇರಲೇ ಇಲ್ಲ. ಗೆರೆ ಗೆರೆಯ ಟ್ಯೂಲಿಪ್ಪಿನ ಗಡ್ಡೆಗೆ ಒಂದು ಕಾಲದಲ್ಲಿ ಅಲ್ಲಿಯವರು ಹುಚ್ಚು ಬೆಲೆ ಕಟ್ಟಿ, ಬೆಲೆ ಕುಸಿದಾಗ ಕೈ ಸುಟ್ಟುಕೊಂಡಿದ್ದರು. ಆ ಹೂವನ್ನು ಕಂಡರೆ ನೋಡುವವರಿಗೆ ಅದು ನೆನಪಾಗುತ್ತಿತ್ತು. ಎಲೆಯಲ್ಲಿ ಹುಳು ಕೊರೆದ ತೂತು, ಮೇಜಿನ ಮೇಲೆ ಉದುರಿದ ಎಸಳು, ಪೀಚಿನ ಕೆನ್ನೆಯ ಮೇಲೆ ಕೊಳೆಯಲು ಶುರುವಾದ ಕಂದು ಕಲೆ. ದ್ರಾಕ್ಷಿ ಎಂದರೆ ಕ್ರಿಸ್ತನ ರಕ್ತ ಎಂದು ಓದುವವರಿದ್ದಾರೆ. ಅರ್ಧ ಸುಲಿದ ನಿಂಬೆ ನೋಡಲು ಚೆಂದ, ಬಾಯಿಗೆ ಇಟ್ಟರೆ ಹುಳಿ.

"ಹೊರಗೆ ಬಂಗಾರ, ಒಳಗೆ ಹುಳಿ. ನಮ್ಮ ನಾದಿನಿ ಥರ," ಎಂದರು ಶಾರದಮ್ಮ. ಅನುವಾದಿಸಿದೆ. ಊನಾ ನಕ್ಕಳು, ಆದರೆ ಎಚ್ಚರಿಸಿದಳು: ಪ್ರತಿ ನಿಂಬೆಯಲ್ಲೂ ಉಪದೇಶ ಹುಡುಕಬಾರದು. ಸುರುಳಿ ಸಿಪ್ಪೆ, ಅದರೊಳಗಿನ ಬಿಳಿ ಪದರ, ಒದ್ದೆ ತೊಳೆ ಮೂರನ್ನೂ ಬರೆಯಬಲ್ಲೆ ಎಂದು ಕಲಾವಿದ ತೋರಿಸಿಕೊಳ್ಳುವುದೂ ಉಂಟು. ಕೆಲವು ನಿಂಬೆ ಬರೀ ನಿಂಬೆ. ಈ ವಿಷಯದಲ್ಲಿ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರಂತೆ.

ಬುರುಡೆಯ ಸರದಿ ಬಂತು. ಎಲ್ಲರೂ ಒಂದು ದಿನ ಹೀಗಾಗುತ್ತೇವೆ ಎಂಬುದು ಅದರ ಅರ್ಥ. ಅದನ್ನು ಎಷ್ಟು ಪಾಲಿಶ್ ಮಾಡಿದರೂ ಬೇರೆ ಅರ್ಥ ಬರುವುದಿಲ್ಲ. ನಾನು ನನ್ನ ಕಡೆಯಿಂದ ಒಂದು ರಿಯಾಯಿತಿ ಸೇರಿಸಿದೆ: "ಶಿವನ ಕೊರಳಲ್ಲೂ ಬುರುಡೆ ಮಾಲೆ ಇದೆಯಲ್ಲ ಅಮ್ಮ?"

"ಶಿವ ಇರೋದು ಸ್ಮಶಾನದಲ್ಲಿ ಕಣೇ. ನನ್ನ ಮಗ ಇರೋದು ಮೂರು ಬೆಡ್‌ರೂಮ್ ಮನೇಲಿ."

ಆ ರಿಯಾಯಿತಿ ಅಲ್ಲೇ ಬಿದ್ದುಹೋಯಿತು. ಆದರೆ ಊನಾಳ ಟಾರ್ಚ್ ಬುರುಡೆಯ ಹಣೆಯ ಮೇಲೆ ನಿಂತಿತು. ವಾರ್ನಿಷ್ಷಿನ ಅಡಿಯಲ್ಲಿ ಹುಲ್ಲಿನಂಥದ್ದೇನೋ ಸುತ್ತಿಕೊಂಡಿತ್ತು. ಗೋಧಿ ತೆನೆ! ಮಣ್ಣಿಗೆ ಬಿದ್ದ ಕಾಳು ಮತ್ತೆ ಮೊಳೆಯುತ್ತದೆ. ಬುರುಡೆಗೆ ತೆನೆ ಸುತ್ತಿದರೆ ಸಾವಿನಾಚೆಗೂ ಬದುಕಿದೆ ಎಂಬ ಸೂಚನೆ, ಎಂದಳು. ಇದನ್ನು ಒಂದು ಅಕ್ಷರ ಕಡಿಮೆ ಮಾಡದೆ, ಸ್ವಲ್ಪ ಹೆಚ್ಚೇ ಮಾಡಿ ಹೇಳಿದೆ. ಶಾರದಮ್ಮ ತಲೆದೂಗಿದರು. ಗೆದ್ದೆ ಎಂದುಕೊಂಡೆ.

"ಬುರುಡೆ ಬಿಡು. ಎಲ್ಲರ ಚರ್ಮದೊಳಗೂ ಒಂದೊಂದು ಐತೆ," ಎಂದರು ಅವರು. "ನನ್ನ ಹೊಟ್ಟೆಗೆ ಬೆಂಕಿ ಬಿದ್ದಿರೋದು ಅದರ ಪಕ್ಕದ ದೀಪ ನೋಡಿ. ಅದು ಯಾಕೆ ಹಾಗೈತೆ?"

ಮೇಣದ ದೀಪ ಗಿಡ್ಡವಾಗಿ ಕರಗಿತ್ತು. ಬತ್ತಿಯ ತುದಿಯಲ್ಲಿ ಕೆಂಪು ಕಿಡಿ, ಅದರ ಮೇಲೆ ಹೊಗೆಯ ಸಣ್ಣ ಎಳೆ. ನಾವು ದೀಪ ಆರಿಸು ಎಂದು ಬಾಯಲ್ಲಿ ಕೂಡ ಅನ್ನುವವರಲ್ಲ, ದೀಪ ದೊಡ್ಡದು ಮಾಡು ಎನ್ನುವವರು. "ವರ್ಷಕ್ಕೊಂದು ಸಲ ಕೇಕಿನ ಮೇಲೆ ಊದ್ತೀವಲ್ಲ ಅಮ್ಮ," ಎಂದೆ. "ಅದಕ್ಕೂ ನಾನು ಬೈದಿದ್ದೀನಿ," ಎಂದರು.

ಊನಾಳನ್ನು ಇಂಗ್ಲಿಷಿನಲ್ಲಿ ಬೇಡಿಕೊಂಡೆ: ಕಿಡಿ ಇನ್ನೂ ಇದೆಯಲ್ಲ, ಮತ್ತೆ ಹತ್ತಿಕೊಳ್ಳುತ್ತದೆ ಅಂತ ಹೇಳಬಹುದೇ? ಅವಳು ತಲೆಯಾಡಿಸಿದಳು. "ಇಲ್ಲ ಗೀತಾ. ಹೊಗೆ ಇರುವುದೇ ಈಗ ತಾನೇ ಆರಿತು ಎಂದು ತೋರಿಸಲು. ಜೀವ ಹೀಗೇ, ನೋಡುತ್ತಿದ್ದಂತೆ." ಬಾಗಿಲಲ್ಲಿ ಸಹನಾ ಒದ್ದೆ ಕೈಯಲ್ಲೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಒಂದು ಸುಳ್ಳು ಸಾಕಿತ್ತು, ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಶಾರದಮ್ಮ ನಾಳೆ ಇನ್ಯಾರನ್ನೋ ಕೇಳಿದರೆ ತೆನೆಯ ಮಾತೂ ಸುಳ್ಳಾಗುತ್ತದೆ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಶಾರದಮ್ಮ ಊನಾಳ ಕೈಯಿಂದ ಮೊಬೈಲ್ ಕಿತ್ತುಕೊಂಡು ತಾವೇ ಟಾರ್ಚ್ ಹಿಡಿದು ಮೂಗು ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ವೈನಿನ ಲೋಟದ ಮೇಲೆ ಬೆರಳಿಟ್ಟರು. "ಲೋಟದಲ್ಲಿ ಈ ಬಿಳಿ ಚೌಕ ಏನು?"

"ಕಿಟಕಿ," ಎಂದಳು ಊನಾ. ಚಿತ್ರದಲ್ಲಿ ಕಾಣದ ಕಿಟಕಿಯ ಪ್ರತಿಬಿಂಬವನ್ನು ಗಾಜಿನ ಮೇಲೆ ಬರೆಯುವುದು ಆ ಕಾಲದವರ ಕೈಚಳಕ. ಬೆಳಕೆಲ್ಲ ಬರುತ್ತಿರುವುದು ಅಲ್ಲಿಂದಲೇ.

"ಕಿಟಕಿಯಲ್ಲಿ ಬೆಳಕು ಐತೆ ಅಂದ್ರೆ ಬೆಳಗಾಗೈತೆ," ಎಂದರು ಶಾರದಮ್ಮ. "ರಾತ್ರಿಯೆಲ್ಲ ಉರಿದೈತೆ, ಬೆಳಗಾದ ಮೇಲೆ ದೊಡ್ಡದು ಮಾಡಿದ್ದಾರೆ. ಹಗಲಲ್ಲಿ ದೀಪ ಉರಿಸೋಕೆ ಅವರಿಗೇನು ಹುಚ್ಚಾ? ಸಹನಾ, ನನ್ನ ಹಾಸಿಗೆ ಮೇಲಿನ ರೂಮಿಗೆ ಹಾಕಮ್ಮ. ಕಿಟಕಿ ಪಕ್ಕ."

ಊನಾಗೆ ಹೇಳಿದೆ. ಅವಳು ಮತ್ತೊಮ್ಮೆ ಲೋಟದ ಕಡೆ ಬಗ್ಗಿ ನೋಡಿ, "ಈ ಅರ್ಥವನ್ನು ನಾನು ಎಲ್ಲೂ ಓದಿಲ್ಲ. ಆದರೆ ಕಿಟಕಿ ಇರುವುದಂತೂ ನಿಜ," ಎಂದಳು. ಸಹನಾ ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಸಿಗೆ ಹಾಸಲು ಮೆಟ್ಟಿಲನ್ನು ಓಡುತ್ತಲೇ ಹತ್ತಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶಾರದಮ್ಮನಿಗೆ ಕುತೂಹಲ ಇಳಿದಿರಲಿಲ್ಲ. "ಇಂಥವನ್ನು ಯಾರು ಕೊಳ್ತಿದ್ರು, ಕೇಳು." ಕೇಳಿದೆ. ಹೆಚ್ಚಾಗಿ ದುಡ್ಡು ಮಾಡಿಕೊಂಡ ವ್ಯಾಪಾರಸ್ಥರು, ಎಂದಳು ಊನಾ. ಸಂಪತ್ತು ವ್ಯರ್ಥ ಎಂದು ಸಾರುವ ಚಿತ್ರವನ್ನು ಸಂಪತ್ತು ತೋರಿಸಿಕೊಳ್ಳಲು ಗೋಡೆಗೆ ಹಾಕಿಕೊಳ್ಳುತ್ತಿದ್ದರಂತೆ. ನನಗೆ ಆ ಹಾಲೆಂಡಿನವರ ಮೇಲೆ ಗೌರವ ಉಕ್ಕಿತು; ಅದೇ ಉತ್ಸಾಹದಲ್ಲಿ ಅನುವಾದಿಸಿಬಿಟ್ಟೆ.

"ಹಾಗಾದ್ರೆ ಇದು ಸಂಬಳದವರ ಮನೆಗೆ ಅಲ್ಲ," ಎಂದು ಶಾರದಮ್ಮ ಚಿತ್ರವನ್ನು ನನ್ನ ತೋಳಿಗೆ ಒರಗಿಸಿದರು. "ಅಂಗಡಿಯವರ ಮನೆಗೆ."

ಈಗ ಅದು ನನ್ನ ಅಂಗಡಿಯಲ್ಲಿ, ಗಲ್ಲಾದಲ್ಲಿ ಕೂತ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ಇದೆ. ಬೆಲೆಗೆ ಜಗ್ಗಾಡುವ ಗಿರಾಕಿಗಳಿಗೆ ಬುರುಡೆ, ನಿಂಬೆ, ಹೊಗೆ ಎಲ್ಲವನ್ನೂ ವಿವರವಾಗಿ ಓದಿ ಹೇಳುತ್ತೇನೆ. ಸಂಪತ್ತಿನ ಆಸೆ ವ್ಯರ್ಥ ಎಂದು ಮನದಟ್ಟು ಮಾಡಿಸುತ್ತೇನೆ. ಹೆಚ್ಚಿನವರು ಗಂಭೀರರಾಗಿ, ನಾನು ಕೇಳಿದಷ್ಟು ಕೊಟ್ಟು ಹೋಗುತ್ತಾರೆ. ಚಿತ್ರ ಎಲ್ಲಿ ಹಾಕಬೇಕೆಂದು ಕೇಳುವವರಿಗೆ ನನ್ನ ಸಲಹೆ ಇಷ್ಟೇ: ಗಿರಾಕಿಗೆ ಚೆನ್ನಾಗಿ ಕಾಣುವಂತೆ ಹಾಕಿ, ನೀವು ಅದಕ್ಕೆ ಬೆನ್ನು ಹಾಕಿ ಕೂರಿ.